ನೂರು ಅಡಿ ಗೋಡೆ ಐವತ್ತಾಗಿ ಕಂಡದ್ದು: ಫೋಟೊದೊಳಗೆ ಕಾಂಪೌಂಡು, ರಸ್ತೆ ಕೂರಿಸಿದ ಒಂದು ಪ್ರಕರಣ

ಕಲಬುರಗಿ ಹೊರವಲಯದ ಒಂದು ಶಿಕ್ಷಣ ಸಂಸ್ಥೆ ತನ್ನ ಜಾಗಕ್ಕೆ ಕಾಂಪೌಂಡು ಗೋಡೆಯನ್ನೂ ಒಳಗೊಂದು ರಸ್ತೆಯನ್ನೂ ಮಾಡಿಸಬೇಕೆಂದು ಗೊತ್ತು ಮಾಡಿತ್ತು. ದೇಣಿಗೆ ಕೊಡುವವರಿಗೆ ನಕ್ಷೆ ತೋರಿಸಿದರೆ ತಲೆಗೆ ಹತ್ತುವುದಿಲ್ಲ; ಕೆಲಸ ಮುಗಿದ ಮೇಲೆ ಜಾಗ ಹೇಗೆ ಕಾಣುತ್ತದೆ ಎಂಬ ಚಿತ್ರ ಬೇಕು. ಹಾಗಾಗಿ ಈಗಿನ ಜಾಗದ ಫೋಟೊ ಒಂದನ್ನು ತೆಗೆದು, ಅದರೊಳಗೆ ಗೋಡೆ ಮತ್ತು ರಸ್ತೆ ಬಿಡಿಸಿಕೊಡುವ ಕೆಲಸ ಒಂದು ಸಣ್ಣ ಡ್ರಾಯಿಂಗ್ ಕಚೇರಿಗೆ ಬಂತು. ಸಂಸ್ಥೆ, ಕಚೇರಿ ಮತ್ತು ಜನರ ಹೆಸರುಗಳನ್ನು ಇಲ್ಲಿ ಬಿಟ್ಟಿದೆ.

ಕೆಲಸದ ವಿವರ ಇಷ್ಟು. ಗೋಡೆ 6 ಅಡಿ ಎತ್ತರ, 100 ಅಡಿ ಉದ್ದ, 10 ಅಡಿಗೊಂದು ಪಿಲ್ಲರ್. ಗೋಡೆಗೆ ಅಂಟಿಕೊಂಡೇ ಅದರ ಎಡಕ್ಕೆ 20 ಅಡಿ ಅಗಲದ ರಸ್ತೆ. ಗೋಡೆ ಮುಗಿಯುವವರೆಗೆ ನೆಲ ಮಟ್ಟಸ. ಅಲ್ಲಿಂದ ಮುಂದೆ 80 ಅಡಿ ದೂರ ರಸ್ತೆ 20ಕ್ಕೆ 1ರಂತೆ ಇಳಿದು, ಮತ್ತೆ ಮಟ್ಟಸವಾಗಿ ಡಾಂಬರು ರಸ್ತೆಯ ಕಡೆಗೆ ಹೋಗುತ್ತದೆ. ಫೋಟೊದ ಎಡಭಾಗದಲ್ಲಿ ಈಗಿರುವ ಆಫೀಸು ಕಟ್ಟಡದ ಮುಂಬದಿ ಇದೆ, ಅದರ ಎಡ ತುದಿ ಚಿತ್ರದಿಂದ ಆಚೆ. ಕಟ್ಟಡದ ಮುಂದೆ ಶಹಾಬಾದ್ ಪರ್ಸಿ ಹಾಸಿದ ಅಂಗಳ. ಈ ಕೆಲಸಕ್ಕೆ ಅಂಥ ಅಂಗಳಕ್ಕಿಂತ ದೊಡ್ಡ ಉಪಕಾರಿ ಇಲ್ಲ. ಪರ್ಸಿಯ ಸಂದುಗಳು ಕಟ್ಟಡಕ್ಕೆ ಸಮಾಂತರವಾಗಿ, ಗೆರೆ ಎಳೆದಿಟ್ಟಂತೆ ಕ್ಯಾಮೆರಾದ ಕಾಲಬುಡದಿಂದಲೇ ಶುರುವಾಗುತ್ತವೆ.

ಫೋಟೊ ಮೊಬೈಲಿನದು: 4000 ಪಿಕ್ಸೆಲ್ ಅಗಲ, 3000 ಎತ್ತರ. ಕ್ಯಾಮೆರಾವನ್ನು ನೆಲದಿಂದ ಸರಿಯಾಗಿ 5 ಅಡಿ ಎತ್ತರದಲ್ಲಿ, ಮೇಲೆ ಕೆಳಗೆ ವಾಲಿಸದೆ ಹಿಡಿಯಲಾಗಿತ್ತು. ಆ 5 ಅಡಿಯನ್ನು ಟೇಪಿನಿಂದ ಅಳೆದು ಬರೆದಿಟ್ಟದ್ದು ಮುಂದೆ ತುಂಬಾ ಕೆಲಸ ಉಳಿಸಿತು.

ಮೊದಲ ಚಿತ್ರ

ಕಚೇರಿಯ ಕಿರಿಯ ಡ್ರಾಫ್ಟ್ಸ್‌ಮನ್ ಫೋಟೊವನ್ನು ಇಂಕ್‌ಸ್ಕೇಪ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ತೆರೆದು, ಪರ್ಸಿಯ ಸಂದುಗಳ ಮೇಲೆ ಗೆರೆ ಎಳೆದ. ಒಳಕ್ಕೆ ಹೋಗುವ ಸಂದುಗಳೆಲ್ಲ ಚಿತ್ರದ ಎಡ ಅಂಚಿನ ಹತ್ತಿರ ಒಂದೇ ಕಡೆ ಸೇರಿದವು. ಎಡ ಅಂಚಿನಿಂದ 200 ಪಿಕ್ಸೆಲ್, ಮೇಲಿನಿಂದ 1500. ಇದು ಮೊದಲ ವ್ಯಾನಿಶಿಂಗ್ ಪಾಯಿಂಟ್. ಮುಂದೆ ವಿಪಿ ಎಂದೇ ಬರೆಯೋಣ. ಕ್ಯಾಮೆರಾ ವಾಲಿರಲಿಲ್ಲವಾದ್ದರಿಂದ ಅದು ಚಿತ್ರದ ಎತ್ತರದ ಅರ್ಧಕ್ಕೇ ಬಂತು, ದಿಗಂತ ರೇಖೆಯೂ ಅಲ್ಲೇ. ಇಲ್ಲಿಯವರೆಗೆ ಎಲ್ಲ ಸರಿ.

ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಕೈಯಲ್ಲಿ ಒಂದು ವಿಪಿ ಸಿಕ್ಕಿತ್ತು, ಗೋಡೆಯ ಬುಡವನ್ನೂ ತಲೆಯನ್ನೂ ಅದಕ್ಕೇ ಎಳೆದುಬಿಟ್ಟ. ಚಿತ್ರ ಅಚ್ಚುಕಟ್ಟಾಗಿತ್ತು, ಬಣ್ಣವೂ ಚೆನ್ನಾಗಿತ್ತು. ಸಂಸ್ಥೆಯ ಹಿರಿಯರು ಎರಡು ಕ್ಷಣ ನೋಡಿ ಕೇಳಿದ್ದು ಒಂದೇ ಮಾತು:

"ಏನ್ರಿ ಸರ್, ಗ್ವಾಡಿ ಹೋಗಿ ಆಫೀಸಿಗೇ ಬಡದದಲ್ಲ?"

ನಿಜವೇ. ಒಂದು ವಿಪಿಗೆ ಹೋಗುವ ಗೆರೆಗಳೆಲ್ಲ ನೆಲದ ಮೇಲೆ ಒಂದಕ್ಕೊಂದು ಸಮಾಂತರ ಎಂದರ್ಥ. ಪರ್ಸಿಯ ವಿಪಿಗೆ ಗೋಡೆಯನ್ನು ಎಳೆದರೆ ಗೋಡೆ ಪರ್ಸಿಗೆ ಸಮಾಂತರ ಎಂದು ಹೇಳಿದಂತೆ. ಆದರೆ ಜಾಗದ ಗಡಿ ಹಾಗೆ ಹೋಗುವುದಿಲ್ಲ. ಸರ್ವೆ ನಕ್ಷೆಯ ಪ್ರಕಾರ ಅದು ಕಟ್ಟಡದ ಪಕ್ಕದ ಗೋಡೆಯ ಜಾಡಿನಿಂದ 20 ಡಿಗ್ರಿ ಬಲಕ್ಕೆ ತಿರುಗಿದೆ. ಜಾಗದಲ್ಲಿ ದಾರ ಹಿಡಿದು ನೋಡಿದಾಗಲೂ ಅಷ್ಟೇ ಬಂತು: ಪಕ್ಕದ ಗೋಡೆಯ ಜಾಡಿನಲ್ಲಿ 50 ಅಡಿ ಹೋದರೆ ಗಡಿ ಅಡ್ಡಕ್ಕೆ 18 ಅಡಿ 2 ಇಂಚು ಸರಿದಿರುತ್ತದೆ.

ಇಂಥ ಸಂದರ್ಭದಲ್ಲಿ ಹಲವರು ವಿಪಿಯನ್ನು ಅಂದಾಜಿನ ಮೇಲೆ ಸ್ವಲ್ಪ ಬಲಕ್ಕೆ ತಳ್ಳಿ, ಕಣ್ಣಿಗೆ ಸರಿ ಕಂಡಲ್ಲಿ ನಿಲ್ಲಿಸುತ್ತಾರೆ. ಇಲ್ಲಿ ಹಾಗೆ ಮಾಡುವಂತಿರಲಿಲ್ಲ, ಯಾಕೆಂದರೆ ರಸ್ತೆಯ ಅಂಚಿಗೂ ಕಟ್ಟಡದ ಬಲ ಮೂಲೆಗೂ ನಡುವೆ ಉಳಿಯುವ ಜಾಗ ಬರೀ 5 ಅಡಿ. ಅದು ಚಿತ್ರದಲ್ಲಿ 2 ಅಡಿಯಾಗಿ ಕಂಡರೂ ತಕರಾರು, 10 ಅಡಿಯಾಗಿ ಕಂಡರೂ ತಕರಾರು.

20 ಡಿಗ್ರಿಯನ್ನು ಚಿತ್ರದೊಳಗೆ ಅಳೆಯುವುದು

ಫೋಟೊದ ಮೇಲೆ ಪ್ರೊಟ್ರ್ಯಾಕ್ಟರ್ ಇಟ್ಟು 20 ಡಿಗ್ರಿ ಅಳೆದರೆ ಏನೂ ಸಿಗುವುದಿಲ್ಲ. ನೆಲದ ಮೇಲಿನ ಕೋನ ಅದರ ನಿಜ ಅಳತೆಯಲ್ಲಿ ಕಾಣುವುದು ನೋಡುವ ಕಣ್ಣು ನಿಂತ ಬಿಂದುವಿನಲ್ಲಿ ಮಾತ್ರ. ಆ ಬಿಂದುವನ್ನು ಕಾಗದದ ಮೇಲೆ ತರಬೇಕಾದರೆ ಕಣ್ಣು ಚಿತ್ರದಿಂದ ಎಷ್ಟು ದೂರ ಎಂದು ಗೊತ್ತಿರಬೇಕು.

ದೂರ ಮೊಬೈಲಿನಿಂದಲೇ ಸಿಗುತ್ತದೆ. ಫೋಟೊದ ವಿವರದಲ್ಲಿ 35 ಮಿ.ಮೀ. ಫಿಲ್ಮಿಗೆ ಹೋಲಿಸಿದ ಫೋಕಲ್ ಲೆಂತ್ 26 ಮಿ.ಮೀ. ಎಂದಿತ್ತು. ಆ ಫಿಲ್ಮಿನ ಕರ್ಣ 43.3 ಮಿ.ಮೀ., ನಮ್ಮ ಚಿತ್ರದ ಕರ್ಣ 5000 ಪಿಕ್ಸೆಲ್. 26ನ್ನು 43.3ರಿಂದ ಭಾಗಿಸಿ 5000ದಿಂದ ಗುಣಿಸಿದರೆ ಸುಮಾರು 3000 ಪಿಕ್ಸೆಲ್. ಅಂದರೆ ಕಣ್ಣು ಚಿತ್ರದ ನಟ್ಟನಡುವಿನಿಂದ 3000 ಪಿಕ್ಸೆಲ್ ದೂರದಲ್ಲಿದೆ. ಈ ಲೆಕ್ಕಕ್ಕೆ ಕತ್ತರಿಸದ ಮೂಲ ಫೋಟೊವೇ ಬೇಕು. ಯಾರಾದರೂ ಒಂದು ಬದಿ ಕ್ರಾಪ್ ಮಾಡಿ ಕಳಿಸಿದ್ದರೆ ಚಿತ್ರದ ನಡುವೂ ಲೆನ್ಸಿನ ನಡುವೂ ಬೇರೆ ಬೇರೆಯಾಗಿ, ಮುಂದಿನದ್ದೆಲ್ಲ ಓರೆಯಾಗುತ್ತದೆ. ಚಿತ್ರವನ್ನು ಪೂರ್ತಿಯಾಗಿ ಚಿಕ್ಕದು ಮಾಡಿದ್ದರೆ ತೊಂದರೆಯಿಲ್ಲ, ಅಳತೆಗಳೆಲ್ಲ ಅದೇ ಪ್ರಮಾಣದಲ್ಲಿ ಇಳಿಯುತ್ತವೆ.

ಈ 3000 ಸರಿಯೇ ಎಂದು ನೋಡುವ ದಾರಿಯೂ ಇದೆ. ಕಟ್ಟಡದ ಮುಂಬದಿಯ ಗೆರೆಗಳು, ಅಂದರೆ ಪ್ಲಿಂತ್, ಲಿಂಟಲ್ ಮತ್ತು ಪ್ಯಾರಾಪೆಟ್, ಬಲಕ್ಕೆ ಇನ್ನೊಂದು ವಿಪಿಗೆ ಹೋಗುತ್ತವೆ. ಕಟ್ಟಡದ ಮೂಲೆ ಲಂಬಕೋನವಾದರೆ, ಚಿತ್ರದ ನಡುವಿನಿಂದ ಎರಡೂ ವಿಪಿಗಳಿಗಿರುವ ದೂರಗಳ ಗುಣಲಬ್ಧ 3000ದ ವರ್ಗಕ್ಕೆ ಸಮವಾಗಬೇಕು. ಎಡ ವಿಪಿ ನಡುವಿನಿಂದ 1800 ದೂರ. ಹಾಗಾದರೆ ಬಲದ್ದು 5000 ದೂರ ಇರಬೇಕು, ಅಂದರೆ 7000ನೇ ಪಿಕ್ಸೆಲ್‌ನಲ್ಲಿ, ಚಿತ್ರದಿಂದ 3000 ಪಿಕ್ಸೆಲ್ ಆಚೆ. ಗೆರೆ ಎಳೆದು ನೋಡಿದಾಗ ಒಂದೊಂದು ಜೋಡಿ ಒಂದೊಂದು ಕಡೆ ಸೇರಿತು, 6300ರಿಂದ 7600ರವರೆಗೆ. ಕಿರಿಯವನಿಗೆ ಇದು ಗಾಬರಿ ತಂದಿತು. ಗಾಬರಿಯ ಮಾತೇನಲ್ಲ. ಅಷ್ಟು ದೂರದಲ್ಲಿ ಸೇರುವ ಗೆರೆಗಳು ಬಹಳ ಕಿರಿದಾದ ಕೋನದಲ್ಲಿ ಕೂಡುತ್ತವೆ, ಗೆರೆಯ ತುದಿ ಎರಡು ಪಿಕ್ಸೆಲ್ ಅಲುಗಿದರೂ ಕೂಡುವ ಜಾಗ ನೂರಾರು ಪಿಕ್ಸೆಲ್ ಓಡುತ್ತದೆ. ಹತ್ತಿರದ ವಿಪಿಯನ್ನು ನಂಬಿ ದೂರದ್ದನ್ನು ಲೆಕ್ಕದಿಂದ ತೆಗೆಯುವುದೇ ಸರಿ. ಕಣ್ಣಳತೆ ಲೆಕ್ಕದ ಆಸುಪಾಸಿನಲ್ಲಿದ್ದರೆ ಸಾಕು, ಇಲ್ಲಿ ಇತ್ತು.

ಆಮೇಲಿನದು ಸ್ಕೇಲು ಪೆನ್ಸಿಲ್ಲಿನ ಕೆಲಸ. ದಿಗಂತ ರೇಖೆಯ ನಡುಬಿಂದುವಿನಿಂದ ನೇರ ಕೆಳಕ್ಕೆ 3000 ಪಿಕ್ಸೆಲ್ ಇಳಿದು ಒಂದು ಚುಕ್ಕೆ ಇಡಬೇಕು. ಅದು ಚಿತ್ರದ ಕೆಳಗಿನ ಖಾಲಿ ಜಾಗದಲ್ಲಿ ಬೀಳುತ್ತದೆ. ಇಂಕ್‌ಸ್ಕೇಪಿನಲ್ಲಿ ಪುಟದ ಹೊರಗೂ ಗೆರೆ ಎಳೆಯಬಹುದಾದ್ದರಿಂದ ತೊಂದರೆ ಇಲ್ಲ. ಈ ಚುಕ್ಕೆಯೇ ಕಣ್ಣು ನಿಂತ ನೆಲೆ, ಮೇಲಿನಿಂದ ನೋಡಿದಂತೆ ಮಲಗಿಸಿದ್ದು. ಅಲ್ಲಿಂದ ಎಡ ವಿಪಿಗೆ ಗೆರೆ ಎಳೆದು, ಆ ಗೆರೆಯನ್ನು 20 ಡಿಗ್ರಿ ಬಲಕ್ಕೆ ತಿರುಗಿಸಿದರೆ ಅದು ದಿಗಂತ ರೇಖೆಯನ್ನು 1419ನೇ ಪಿಕ್ಸೆಲ್‌ನಲ್ಲಿ ಕಡಿಯುತ್ತದೆ. ಗೋಡೆಯ ವಿಪಿ ಅದೇ. ಹಳೆಯ ವಿಪಿಯಿಂದ 1219 ಪಿಕ್ಸೆಲ್ ಬಲಕ್ಕೆ! ಅಂದಾಜಿನ ಮೇಲೆ ತಳ್ಳುವವರು ಇಷ್ಟು ದೂರ ತಳ್ಳುವ ಧೈರ್ಯ ಮಾಡುವುದು ಕಡಿಮೆ. ಎಡಕ್ಕೆ ತಿರುಗಿಸಿದ್ದರೆ ಬಿಂದು ಚಿತ್ರದಿಂದಲೇ ಹೊರಗೆ ಹೋಗುತ್ತಿತ್ತು, ತಪ್ಪು ತಕ್ಷಣ ಕಾಣುತ್ತಿತ್ತು.

ಗೋಡೆ ಶುರುವಾಗುವ ಜಾಗ ಫೋಟೊದಲ್ಲಿ ಒಂದು ಗಡಿಕಲ್ಲಿನಿಂದ ಗೊತ್ತಿತ್ತು: ಎಡದಿಂದ 3200, ಮೇಲಿನಿಂದ 2000. ಅಲ್ಲಿಂದ 1419ಕ್ಕೆ ಎಳೆದ ಗೆರೆಯೇ ಗೋಡೆಯ ಬುಡ.

ಎತ್ತರಕ್ಕೆ ಲೆಕ್ಕವೇ ಬೇಕಾಗಲಿಲ್ಲ. ಕ್ಯಾಮೆರಾ 5 ಅಡಿಯಲ್ಲಿದ್ದುದರಿಂದ, ಮಟ್ಟಸ ನೆಲದ ಮೇಲೆ ನಿಂತ ಯಾವ ವಸ್ತುವನ್ನಾದರೂ ದಿಗಂತ ರೇಖೆ 5 ಅಡಿ ಎತ್ತರದಲ್ಲೇ ಕಡಿಯುತ್ತದೆ, ಹತ್ತಿರ ಇರಲಿ ದೂರ ಇರಲಿ. ಗೋಡೆಯ ಮೊದಲ ಪಿಲ್ಲರಿನ ಬುಡ ದಿಗಂತದಿಂದ 500 ಪಿಕ್ಸೆಲ್ ಕೆಳಗೆ, ಅಂದರೆ ಅಲ್ಲಿ ಒಂದಡಿಗೆ 100 ಪಿಕ್ಸೆಲ್. ಆರನೇ ಅಡಿ ದಿಗಂತದಿಂದ 100 ಮೇಲೆ. ಗೋಡೆಯ ಉದ್ದಕ್ಕೂ ಇದೇ ನಿಯಮ: ಬುಡದಿಂದ ದಿಗಂತಕ್ಕೆ ಎಷ್ಟಿದೆಯೋ ಅದರ ಐದನೆಯ ಒಂದು ಭಾಗ ಮೇಲೆ. ಮುಗಿದ ಚಿತ್ರವನ್ನು ಪರೀಕ್ಷಿಸುವವರು ಮೊದಲು ನೋಡಬೇಕಾದ್ದು ಇದನ್ನೇ.

ಪಿಲ್ಲರುಗಳು

ಎರಡನೆಯ ಚಿತ್ರದಲ್ಲಿ ಗೋಡೆಯ ದಿಕ್ಕು ಸರಿಹೋಯಿತು. ಮೊದಲ ಎರಡು ಪಿಲ್ಲರುಗಳನ್ನೂ ಸರಿಯಾಗಿ ನಿಲ್ಲಿಸಲಾಗಿತ್ತು: ಒಂದು 3200ರಲ್ಲಿ, ಮತ್ತೊಂದು 2761ರಲ್ಲಿ, ನಡುವೆ 439 ಪಿಕ್ಸೆಲ್. ಮೂರನೆಯದು 266 ಪಿಕ್ಸೆಲ್ ಆಚೆ. ಇಲ್ಲಿ ಕಿರಿಯವನು ಒಂದು ಜಾಣತನ ಮಾಡಿದ. 266 ಎಂದರೆ 439ರಲ್ಲಿ ನೂರಕ್ಕೆ ಅರವತ್ತು ಚಿಲ್ಲರೆ. ಮುಂದಿನ ಅಂತರಗಳನ್ನೂ ಅದೇ ಪ್ರಮಾಣದಲ್ಲಿ ಕಿರಿದು ಮಾಡುತ್ತ ಹೋದ. ನೋಡಲು ಲಯಬದ್ಧವಾಗಿತ್ತು. ಕಚೇರಿಯಲ್ಲಿ ಯಾರಿಗೂ ಸಂಶಯ ಬರಲಿಲ್ಲ.

ಸಂಶಯ ಬಂದದ್ದು ಗೋಡೆ ಕಟ್ಟಬೇಕಿದ್ದ ಗೌಂಡಿಗೆ. ಸಂಸ್ಥೆಯ ಕಟ್ಟೆಯ ಮೇಲೆ ಚಿತ್ರ ಹರವಿಟ್ಟಾಗ ಅವರು ಬೆರಳಿಟ್ಟು ಹೇಳಿದರು:

"ಇದು ನೂರು ಫೂಟಿಂದಲ್ರಿ, ಐವತ್ತು ಫೂಟಿನ ಗ್ವಾಡಿ ಅದ. ಕಡೀ ಪಿಲ್ಲರ್ ನಡು ಮನಷಾ ಸುದ್ದ ನಿಂದ್ರಂಗಿಲ್ಲ ನೋಡ್ರಿ."

ಅಳೆದು ನೋಡಿದರೆ ಅವರ ಮಾತು ಅಕ್ಷರಶಃ ನಿಜ. ಒಂದೇ ಪ್ರಮಾಣದಲ್ಲಿ ಕಿರಿದು ಮಾಡಿದ ಹತ್ತು ಅಂತರಗಳು ಕೂಡಿ ಗೋಡೆಯ ತುದಿ 2093ಕ್ಕೆ ಬಂದಿತ್ತು. ನಿಜವಾದ ಗೋಡೆಯಲ್ಲಿ 50ನೇ ಅಡಿಯ ಪಿಲ್ಲರ್ ಬರಬೇಕಾದ ಜಾಗ 2095. ಕೊನೆಯ ಅಂತರ 5 ಪಿಕ್ಸೆಲ್ಲಿಗೆ ಇಳಿದಿತ್ತು.

ತಪ್ಪು ಎಲ್ಲಿದೆ ಎಂದರೆ, ದೂರ ಹೋದಂತೆ ಅಂತರಗಳು ಕಿರಿದಾಗುತ್ತವೆ, ನಿಜ; ಆದರೆ ಕಿರಿದಾಗುವ ವೇಗವೂ ತಗ್ಗುತ್ತ ಹೋಗುತ್ತದೆ. ಸರಿಯಾದ ಅಂತರಗಳು ಹೀಗೆ: 439, 266, 177, 128, 95, 75, 60, 49, 40, 35. ಮೊದಲ ಸಲ ನೂರಕ್ಕೆ ಅರವತ್ತಕ್ಕೆ ಇಳಿದರೆ, ಕೊನೆಯಲ್ಲಿ ನೂರಕ್ಕೆ ಎಂಬತ್ತರ ಮೇಲೆ ಉಳಿಯುತ್ತದೆ. ಮೊದಲೆರಡು ಅಂತರಗಳನ್ನು ನೋಡಿ ಉಳಿದದ್ದನ್ನು ಊಹಿಸುವ ಯಾವ ಸೂತ್ರವೂ ನಂಬಿಕೆಗೆ ತಕ್ಕದ್ದಲ್ಲ.

ಸರಿಯಾದ ದಾರಿ ಕರ್ಣದ್ದು. ಗೋಡೆಯ ಅರ್ಧ ಎತ್ತರದಲ್ಲಿ, ಅಂದರೆ 3 ಅಡಿಗೆ, ವಿಪಿಯವರೆಗೆ ಒಂದು ಗೆರೆ ಎಳೆದಿಟ್ಟುಕೊಳ್ಳಬೇಕು. ಮೊದಲ ಪಿಲ್ಲರಿನ ತಲೆಯಿಂದ ಎರಡನೆಯ ಪಿಲ್ಲರಿನ ನಡುವನ್ನು ಹಾಯ್ದು ಹೋಗುವ ಗೆರೆ ಬುಡದ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಮೂರನೆಯ ಪಿಲ್ಲರ್. ಎರಡನೆಯದರ ತಲೆಯಿಂದ ಮೂರನೆಯದರ ನಡುವೆ ಹಾಯ್ದರೆ ನಾಲ್ಕನೆಯದು. ಹೀಗೇ ಹನ್ನೊಂದರವರೆಗೆ. ಒಂದು ಎಚ್ಚರಿಕೆ: ಪ್ರತಿ ಪಿಲ್ಲರ್ ಹಿಂದಿನದರ ಮೇಲೆ ನಿಂತಿರುವುದರಿಂದ ಸಣ್ಣ ತಪ್ಪು ಕೂಡುತ್ತ ಹೋಗುತ್ತದೆ. ಗೆರೆಯ ತುದಿಯನ್ನು ಬಿಂದುವಿಗೆ ತಾನಾಗಿ ಅಂಟಿಸುವ ಸ್ನ್ಯಾಪ್ ಹಾಕದೆ ಕೈಯಲ್ಲಿ ಎಳೆದರೆ ಏಳನೆಯದರ ಹೊತ್ತಿಗೆ ದಾರಿ ತಪ್ಪುವುದು ಸಾಮಾನ್ಯ.

ಹಾಗಾದರೆ ಎರಡನೆಯ ಪಿಲ್ಲರ್ 2761ರಲ್ಲಿ ಎಂದು ಮೊದಲು ಗೊತ್ತಾದದ್ದು ಹೇಗೆ? ಅದಕ್ಕೆ ಅಳತೆಯ ಬಿಂದು ಬೇಕು, ಮೆಷರಿಂಗ್ ಪಾಯಿಂಟ್ ಎನ್ನುತ್ತಾರೆ. ಗೋಡೆಯ ವಿಪಿಯಿಂದ ಕಣ್ಣಿನ ನೆಲೆಗೆ ಇರುವ ದೂರ 3056 ಪಿಕ್ಸೆಲ್. ಕಂಪಾಸಿನ ಮುಳ್ಳನ್ನು ವಿಪಿಯಲ್ಲಿಟ್ಟು ಆ ದೂರವನ್ನು ದಿಗಂತ ರೇಖೆಯ ಮೇಲೆ ಬಲಕ್ಕೆ ಹಾಕಿದರೆ 4475ರಲ್ಲಿ ಬೀಳುತ್ತದೆ. ಈಗ ಮೊದಲ ಪಿಲ್ಲರಿನ ಬುಡದಿಂದ ಅಡ್ಡಗೆ, ಎಡಕ್ಕೆ, 10 ಅಡಿ ಅಂದರೆ 1000 ಪಿಕ್ಸೆಲ್ ಅಳೆದು ಗುರುತು ಹಾಕಬೇಕು. ಗುರುತು 2200ರಲ್ಲಿ. ಅದನ್ನು 4475ಕ್ಕೆ ಸೇರಿಸುವ ಗೆರೆ ಗೋಡೆಯ ಬುಡವನ್ನು 2761ರಲ್ಲಿ ಕಡಿಯುತ್ತದೆ. ಬೇಕಾದರೆ 20, 30 ಅಡಿಗಳನ್ನೂ ಹೀಗೇ ಅಡ್ಡಗೆರೆಯಲ್ಲಿ ಅಳೆದು ಒಂದೊಂದಾಗಿ ಒಯ್ಯಬಹುದು, ಆಗ ತಪ್ಪು ಕೂಡುವುದಿಲ್ಲ. ಕೊನೆಗೆ ಕಚೇರಿ ಮಾಡಿದ್ದು ಎರಡನ್ನೂ ಸೇರಿಸಿ: ಕರ್ಣದಿಂದ ಎಲ್ಲ ಪಿಲ್ಲರ್ ನಿಲ್ಲಿಸಿ, ಐದನೇ ಅಂತರದ ತುದಿಯನ್ನೂ ಹತ್ತನೆಯದರ ತುದಿಯನ್ನೂ ಅಳತೆಯ ಬಿಂದುವಿನಿಂದ ತಾಳೆ ನೋಡಿತು. ಹತ್ತನೆಯದು 1836ರಲ್ಲಿ ಬಂತು.

ರಸ್ತೆ ಮತ್ತು ಅದರ ಗ್ರಿಡ್

ರಸ್ತೆ ಗೋಡೆಗೆ ಸಮಾಂತರ, ಹಾಗಾಗಿ ವಿಪಿ ಅದೇ 1419. ಎಡ ಅಂಚು ಹಿಡಿಯುವಾಗ ಒಂದು ಸಣ್ಣ ಮೋಸವಿದೆ. ಗೋಡೆಯ ಬುಡದಿಂದ ಅಡ್ಡಗೆ 20 ಅಡಿಗೆ 2000 ಪಿಕ್ಸೆಲ್ ಎಂದು ಅಳೆದರೆ ರಸ್ತೆ ತುಸು ಕಿರಿದಾಗುತ್ತದೆ, ಯಾಕೆಂದರೆ ಚಿತ್ರದ ಅಡ್ಡಗೆರೆ ರಸ್ತೆಯನ್ನು 11 ಡಿಗ್ರಿ ಓರೆಯಾಗಿ ಕಡಿಯುತ್ತದೆ. ಬೇಕಾದದ್ದು 2037. ಎಡ ಅಂಚು 1163ರಿಂದ ಶುರು.

ರಸ್ತೆಗೆ ಅಡ್ಡಲಾಗಿ ಹೋಗುವ ಗೆರೆಗಳ ವಿಪಿ ತೆಗೆಯಲು ಹೋದರೆ ಅದು ಚಿತ್ರದ ಬಲ ಅಂಚಿನಿಂದ ಹದಿಮೂರು ಸಾವಿರಕ್ಕೂ ಹೆಚ್ಚು ಪಿಕ್ಸೆಲ್ ಆಚೆ. ಅಲ್ಲಿಗೆ ಗೆರೆ ಎಳೆಯುವುದಕ್ಕಿಂತ 45 ಡಿಗ್ರಿಯ ಬಿಂದು ಹಿಡಿಯುವುದು ಸುಲಭ: ಕಣ್ಣಿನ ನೆಲೆಯಿಂದ ಗೋಡೆಯ ದಿಕ್ಕನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿದರೆ ದಿಗಂತದ ಮೇಲೆ 4027. ರಸ್ತೆಯ ಉದ್ದಕ್ಕೆ 10 ಅಡಿಗೊಂದು ಗೆರೆ ವಿಪಿಗೆ ಹಾಕಿ, ಅವುಗಳ ಮೇಲೆ 4027ಕ್ಕೆ ಒಂದು ಓರೆಗೆರೆ ಎಳೆದರೆ, ಓರೆಗೆರೆ ಒಂದೊಂದು ಉದ್ದಗೆರೆಯನ್ನು ಕಡಿಯುವ ಜಾಗ 10 ಅಡಿಯಷ್ಟು ಒಳಕ್ಕೆ ಸರಿದಿರುತ್ತದೆ. ಇಂಥ ಎರಡು ಓರೆಗೆರೆಗಳ ಕಡಿತಗಳನ್ನು ಸೇರಿಸಿದರೆ ಅಡ್ಡಗೆರೆ ತಾನಾಗಿ ಸಿಗುತ್ತದೆ. ಗ್ರಿಡ್ ಎಂದರೆ ಇಷ್ಟೇ.

ಈ ಗ್ರಿಡ್ ಮೇಲೆ ಕಟ್ಟಡದ ಮೂಲೆ ನೋಡಿದಾಗ, ರಸ್ತೆಯ ಎಡ ಅಂಚಿಗೂ ಅದಕ್ಕೂ ನಡುವೆ 166 ಪಿಕ್ಸೆಲ್ ಇತ್ತು. ಅಷ್ಟು ದೂರದಲ್ಲಿ ಅಡಿಗೆ 33 ಪಿಕ್ಸೆಲ್. ಐದಡಿ. ನಕ್ಷೆಯೊಂದಿಗೆ ತಾಳೆಯಾಯಿತು.

ಇಳಿಜಾರು

ಉಳಿದದ್ದು ಗೋಡೆಯ ತುದಿಯಾಚೆಯ 80 ಅಡಿ. ಇಳಿಯುವ ರಸ್ತೆಯ ವಿಪಿ ದಿಗಂತದ ಮೇಲಿರುವುದಿಲ್ಲ, ಮಟ್ಟಸ ರಸ್ತೆಯ ವಿಪಿಯಿಂದ ನೇರ ಕೆಳಗಿರುತ್ತದೆ. ಎಷ್ಟು ಕೆಳಗೆ ಎಂದರೆ, ವಿಪಿಯಿಂದ ಕಣ್ಣಿನ ನೆಲೆಗಿರುವ 3056ರ ಇಪ್ಪತ್ತನೆಯ ಒಂದು ಭಾಗ, ಅಂದರೆ 153 ಪಿಕ್ಸೆಲ್. ಹಾಗಾಗಿ ಬಿಂದು ಚಿತ್ರದ ಮೇಲಿನಿಂದ 1653ರಲ್ಲಿ.

ಕಿರಿಯವನು ಬಿಂದು ಇಟ್ಟ, ಗೆರೆ ಎಳೆಯಲು ಹೋದ, ಎಳೆಯಲಾಗಲಿಲ್ಲ. ಗೋಡೆ ಮುಗಿದು ಇಳಿಜಾರು ಶುರುವಾಗುವ ಅಂಚು ಮೇಲಿನಿಂದ 1617ರಲ್ಲಿದೆ. ಬಿಂದು ಅದಕ್ಕಿಂತ ಕೆಳಗೆ. ರಸ್ತೆ ದೂರ ಹೋಗುವ ಬದಲು ಚಿತ್ರದಲ್ಲಿ ತಿರುಗಿ ನಮ್ಮತ್ತಲೇ ಬರುವಂತಾಯಿತು. ಕೂಡುವ ಕಳೆಯುವ ಚಿಹ್ನೆ ಅದಲುಬದಲಾಗಿದೆ ಎಂದುಕೊಂಡು ಅವನು 153ನ್ನು ದಿಗಂತದ ಮೇಲಕ್ಕೆ ಹಾಕಿದ. ಗೆರೆಗಳು ಚೆಂದವಾಗಿ ಕೂತವು. ಚಿತ್ರ ನೋಡಿದ ಹಿರಿಯರು, "ರಸ್ತಾ ಇಳಿಬೇಕಾಗಿತ್ತು, ಇದು ಗುಡ್ಡ ಹತ್ತಿದಂಗ ಅದ" ಎಂದರು.

ಲೆಕ್ಕ ಮೊದಲೇ ಸರಿ ಇತ್ತು. ತಿರುಗಿ ಬರುವ ಗೆರೆ ಹೇಳುತ್ತಿದ್ದುದು ಬೇರೆಯದನ್ನು: ಆ ಇಳಿಜಾರು ಅಲ್ಲಿಂದ ಕಾಣುವುದೇ ಇಲ್ಲ. 5 ಅಡಿ ಎತ್ತರದ ಕಣ್ಣಿನಿಂದ 128 ಅಡಿ ದೂರದ ಅಂಚಿಗೆ ಹೋಗುವ ನೋಟ ಸುಮಾರು 26ಕ್ಕೆ 1ರಂತೆ ಇಳಿಯುತ್ತದೆ. ರಸ್ತೆ 20ಕ್ಕೆ 1ರಂತೆ, ಅಂದರೆ ನೋಟಕ್ಕಿಂತ ಕಡಿದಾಗಿ ಇಳಿಯುತ್ತದೆ. ಅಂಚು ದಾಟಿದೊಡನೆ ರಸ್ತೆ ಮರೆ. ಇಳಿಜಾರಿನ ವಿಪಿ ಅದರ ಅಂಚಿಗಿಂತ ಕೆಳಗೆ ಬಿದ್ದರೆ ಅರ್ಥ ಯಾವಾಗಲೂ ಇದೇ.

ಇಲ್ಲಿ ಎರಡು ದಾರಿಗಳಿದ್ದವು. ಕ್ಯಾಮೆರಾ ಆರೂವರೆ ಅಡಿಗಿಂತ ಮೇಲಿದ್ದರೆ ಇಳಿಜಾರು ಕಾಣುತ್ತದೆ, ಆದ್ದರಿಂದ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನಿಂತು 9 ಅಡಿಯಿಂದ ಬೇರೆ ಫೋಟೊ ತೆಗೆಯಬಹುದು ಎಂಬ ಮಾತು ಬಂತು. ಲೆಕ್ಕ ಹಾಕಿದರೆ ಆಗಲೂ 80 ಅಡಿ ಇಳಿಜಾರು ಚಿತ್ರದಲ್ಲಿ 22 ಪಿಕ್ಸೆಲ್ ಎತ್ತರದ ಪಟ್ಟಿಯಷ್ಟೇ. ಅದಕ್ಕಾಗಿ ಎಲ್ಲವನ್ನೂ ಮತ್ತೆ ಬಿಡಿಸುವುದು ಬೇಡವೆಂದು ತೀರ್ಮಾನವಾಯಿತು. ಇದ್ದ ಫೋಟೊದಲ್ಲೇ ಮರೆಯಾದದ್ದನ್ನು ಮರೆಯಾಗಿಯೇ ತೋರಿಸಲು ಕಚೇರಿ ಒಪ್ಪಿತು.

ಹಾಗೆ ತೋರಿಸುವುದಕ್ಕೂ ಗುರುತುಗಳು ಬೇಕು, ಇಲ್ಲದಿದ್ದರೆ ರಸ್ತೆ ಅಲ್ಲಿಗೇ ಮುಗಿದಂತೆ ಕಾಣುತ್ತದೆ. ಅಂಚಿನಲ್ಲಿ ರಸ್ತೆಯ ಅಗಲ 477 ಪಿಕ್ಸೆಲ್. ನೋಟ ಮತ್ತೆ ನೆಲ ಮುಟ್ಟುವುದು ಸುಮಾರು 100 ಅಡಿ ಆಚೆ, ಕೆಳಗಿನ ಮಟ್ಟಸ ನೆಲದಲ್ಲಿ. ಅಲ್ಲಿ ಅದೇ 20 ಅಡಿ ರಸ್ತೆ 265 ಪಿಕ್ಸೆಲ್ ಮಾತ್ರ. ಚಿತ್ರದಲ್ಲಿ ಈ ಎರಡೂ ಒಂದೇ ಎತ್ತರದಲ್ಲಿ, ಒಂದರ ಬೆನ್ನಿಗೆ ಒಂದು ಬರುತ್ತವೆ. ಹಾಗಾಗಿ ರಸ್ತೆ ಅಂಚಿನಲ್ಲಿ ಥಟ್ಟನೆ ಅರ್ಧದಷ್ಟಕ್ಕೆ ಕಿರಿದಾಗಿ ಮುಂದುವರಿಯುತ್ತದೆ, ಮತ್ತು ಕೆಳಗಿನ ಭಾಗ ಮಟ್ಟಸವಾದ್ದರಿಂದ ಅದರ ವಿಪಿ ಮತ್ತೆ 1419ರಲ್ಲಿ, ದಿಗಂತದ ಮೇಲೇ. ನಡುವಿನ ಇಳಿಜಾರನ್ನು ತೋರಿಸಲು ಒಂದು ಬೈಕು ಬಿಡಿಸಲಾಯಿತು, ಇಳಿಜಾರಿನ ಬುಡದ ಹತ್ತಿರ. ಅಲ್ಲಿ ನೆಲದಿಂದ ಸುಮಾರು 11 ಇಂಚು ಮರೆಯಾಗುತ್ತದೆ, ಆದ್ದರಿಂದ ಚಕ್ರಗಳ ಕೆಳಗಿನ ಅರ್ಧವನ್ನು ಅಂಚಿನ ಹಿಂದೆ ಅಡಗಿಸಲಾಯಿತು.

ಚಿತ್ರದ ಕೆಳಗೆ ರಸ್ತೆಯ ಪಕ್ಕನೋಟವನ್ನು ಸ್ಕೇಲಿಗೆ ತಕ್ಕಂತೆ ಎಳೆದು, 80 ಅಡಿಗೆ 4 ಅಡಿ ಇಳಿತ ಎಂದು ಬರೆದು ಕಳಿಸಿದರು. ಹಿರಿಯರು ಬೈಕಿನ ಮೇಲೆ ಬೆರಳಿಟ್ಟು, "ಹಾಂ, ಈಗ ಇಳೀಲಿಕತ್ತದ" ಎಂದರು. ಗೌಂಡಿ ಮಾತ್ರ ಪಿಲ್ಲರುಗಳನ್ನು ಒಂದೊಂದಾಗಿ ಎಣಿಸಿ, ಹನ್ನೊಂದು ಇವೆ ಎಂದು ಖಾತ್ರಿ ಮಾಡಿಕೊಂಡರು.